ಸಾರಜನಕವನ್ನು ಎಂಟನೇ ಒಂದು ಭಾಗಕ್ಕೆ ಒತ್ತಿದರೆ ಎಷ್ಟು ಬಿಸಿಯಾಗುತ್ತದೆ, ಎಷ್ಟು ಕೆಲಸ ಬೇಕು?

ಒಂದು ಸಿಲಿಂಡರ್ ಇದೆ ಅಂದುಕೊಳ್ಳಿ. ಒಳಗೆ 1 ಮೋಲ್ ಸಾರಜನಕ. ತಾಪಮಾನ 300 ಕೆಲ್ವಿನ್, ಒತ್ತಡ 100 ಕಿಲೋಪಾಸ್ಕಲ್. ಗೋಡೆಯಿಂದ ಶಾಖ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಪಿಸ್ಟನ್ನನ್ನು ಮೆಲ್ಲಗೆ ಒತ್ತುತ್ತಾ ಗಾತ್ರವನ್ನು ಎಂಟನೇ ಒಂದು ಭಾಗಕ್ಕೆ ತರುತ್ತೇವೆ. ಕೊನೆಯ ತಾಪಮಾನ ಎಷ್ಟು? ಅನಿಲದ ಮೇಲೆ ಎಷ್ಟು ಕೆಲಸ ಮಾಡಿದೆವು?

ಇದಕ್ಕೆ ಸೂತ್ರ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಆದರೂ ನನ್ನ ಹತ್ತಿರ ಪಾಠಕ್ಕೆ ಬರುವವರಲ್ಲಿ ಜಾಸ್ತಿ ಜನ ತಪ್ಪು ಮಾಡುವುದು ಇದೇ ಲೆಕ್ಕದಲ್ಲಿ. ಸೂತ್ರ ಬಾಯಿಗೆ ಬರುತ್ತದೆ, ಆದರೆ ಯಾವ ಘಾತ ಎಲ್ಲಿಗೆ ಅನ್ನುವುದು ತಲೆಯಲ್ಲಿ ಕಲಸಿಹೋಗುತ್ತದೆ. ಹಾಗಾಗಿ ನಾನು ಒಂದೇ ಕ್ರಮ ಹೇಳಿಕೊಡುತ್ತೇನೆ. ಮೊದಲು ತಾಪಮಾನ ಕಂಡುಹಿಡಿಯಿರಿ. ಶಾಖದ ಲೆಕ್ಕ ಸೊನ್ನೆಯಾಗಿರುವುದರಿಂದ ಕೆಲಸ ಅದರ ಹಿಂದೆಯೇ ಬರುತ್ತದೆ. ಬೇರೆ ಇಂಟಿಗ್ರೇಶನ್ ಏನೂ ಬೇಡ.

ಮೊದಲು γ: 1.4 ಎಲ್ಲಿಂದ ಬಂತು?

ಸಾರಜನಕ, ಆಮ್ಲಜನಕ, ಜಲಜನಕ ಇವೆಲ್ಲ ಎರಡು ಪರಮಾಣು ಅಂಟಿಕೊಂಡ ಅಣುಗಳು. ಅಂಥ ಅಣು ಮೂರು ದಿಕ್ಕಿಗೆ ಓಡಾಡಬಹುದು, ಎರಡು ಬಗೆಯಲ್ಲಿ ತಿರುಗಬಹುದು. ತನ್ನ ಉದ್ದದ ಸುತ್ತ ತಿರುಗುವುದು ಲೆಕ್ಕಕ್ಕೆ ಬರುವುದಿಲ್ಲ. ಒಟ್ಟು ಐದು ದಾರಿ. ಒಂದೊಂದು ದಾರಿಗೂ ಪ್ರತಿ ಮೋಲ್‌ಗೆ R/2 ಶಾಖ ಹಿಡಿಯುವ ಶಕ್ತಿ. ಅಲ್ಲಿಗೆ ಸ್ಥಿರ ಗಾತ್ರದ ಶಾಖ ಸಾಮರ್ಥ್ಯ 5R/2. ಸ್ಥಿರ ಒತ್ತಡದ್ದು ಅದಕ್ಕಿಂತ R ಜಾಸ್ತಿ, ಅಂದರೆ 7R/2. ಇವೆರಡರ ಅನುಪಾತವೇ γ.

```
R  = 8.314 J/(mol K)
Cv = 5R/2 = 20.785 J/(mol K)
Cp = 7R/2 = 29.099 J/(mol K)
γ  = Cp/Cv = 7/5 = 1.4
```

γ ಅನ್ನು 7/5 ಅಂತಲೇ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಆಗ γ−1 ಅಂದರೆ 2/5. (γ−1)/γ ಅಂದರೆ 2/7. ಈ ಎರಡು ಭಿನ್ನರಾಶಿ ನೆನಪಿದ್ದರೆ ಮುಂದಿನ ಅರ್ಧ ಕೆಲಸ ಮುಗಿದ ಹಾಗೆ.

ಒಂದೇ ಒಂದು ಶೇಕಡಾ ಒತ್ತಿ ನೋಡೋಣ

ಸೂತ್ರಕ್ಕೆ ಹಾರುವ ಮೊದಲು ಪಿಸ್ಟನ್ನನ್ನು ಸ್ವಲ್ಪವೇ ಒತ್ತೋಣ. ಆರಂಭದ ಗಾತ್ರ nRT/P ಪ್ರಕಾರ 24.94 ಲೀಟರ್. ಅದರಲ್ಲಿ ನೂರನೇ ಒಂದು ಭಾಗ, ಅಂದರೆ 0.2494 ಲೀಟರ್ ಕಡಿಮೆ ಮಾಡುತ್ತೇವೆ. ಒತ್ತಡ ಇನ್ನೂ ಹೆಚ್ಚುಕಮ್ಮಿ 100 ಕಿಲೋಪಾಸ್ಕಲ್ಲೇ. ಕಿಲೋಪಾಸ್ಕಲ್ಲನ್ನು ಲೀಟರಿನಿಂದ ಗುಣಿಸಿದರೆ ನೇರವಾಗಿ ಜೌಲ್ ಬರುತ್ತದೆ. ಹಾಗಾಗಿ ಮಾಡಿದ ಕೆಲಸ 24.94 ಜೌಲ್.

ಈ ಶಕ್ತಿ ಎಲ್ಲಿಗೆ ಹೋಗಬೇಕು? ಗೋಡೆ ದಾಟುವ ಹಾಗಿಲ್ಲ. ಪೂರ್ತಿ ಅನಿಲದಲ್ಲೇ ಉಳಿದು ಅದನ್ನು ಬಿಸಿ ಮಾಡುತ್ತದೆ. 24.94 ಅನ್ನು 20.785 ರಿಂದ ಭಾಗಿಸಿದರೆ 1.2 ಕೆಲ್ವಿನ್. 300 ರಲ್ಲಿ 1.2 ಅಂದರೆ ಶೇಕಡಾ 0.4. ಗಾತ್ರ ಶೇಕಡಾ 1 ಇಳಿದರೆ ತಾಪಮಾನ ಶೇಕಡಾ 0.4 ಏರುತ್ತದೆ. ಆ 0.4 ಬೇರೇನೂ ಅಲ್ಲ, γ−1.

ಈಗ ಹೀಗೇ ಮುಂದುವರಿಸಿ. ಪ್ರತಿ ಸಲ ಉಳಿದ ಗಾತ್ರದಲ್ಲಿ ಶೇಕಡಾ 1 ಕಡಿಮೆ ಮಾಡುತ್ತಾ ಹೋದರೆ ಸುಮಾರು 207 ಸಲಕ್ಕೆ ಎಂಟನೇ ಒಂದು ಭಾಗಕ್ಕೆ ಬರುತ್ತೇವೆ. ಪ್ರತಿ ಸಲ ತಾಪಮಾನ 1.004 ಪಟ್ಟು ಆಗುತ್ತದೆ. 1.004 ಅನ್ನು 207 ಸಲ ಗುಣಿಸಿದರೆ 2.285. ಹೆಜ್ಜೆಯನ್ನು ಇನ್ನೂ ಸಣ್ಣ ಮಾಡುತ್ತಾ ಹೋದರೆ ಅದು 2.297 ರಲ್ಲಿ ನಿಲ್ಲುತ್ತದೆ. ಸೂತ್ರ ಮಾಡುವುದೂ ಇದನ್ನೇ, ಎಣಿಸಲಾಗದಷ್ಟು ಸಣ್ಣ ಹೆಜ್ಜೆಗಳನ್ನು ಒಂದೇ ಏಟಿಗೆ ಗುಣಿಸಿಬಿಡುತ್ತದೆ.

```
T2 = T1 × (V1/V2)^(γ−1)
```

ಇಲ್ಲಿ V1 ಮೇಲಿದೆಯೋ V2 ಮೇಲಿದೆಯೋ ಅಂತ ಉರು ಹೊಡೆಯಬೇಡಿ. ಒತ್ತಿದರೆ ಅನಿಲ ಬಿಸಿಯಾಗಲೇಬೇಕು. ಆದ್ದರಿಂದ ಅನುಪಾತ ಒಂದಕ್ಕಿಂತ ದೊಡ್ಡದು ಬರುವ ಹಾಗೆ ಬರೆಯಿರಿ, ಅಷ್ಟೇ.

ಕೊನೆಯ ತಾಪಮಾನ

V1/V2 = 8. ಘಾತ 0.4. ಕ್ಯಾಲ್ಕುಲೇಟರ್‌ನಲ್ಲಿ ಘಾತದ ಬಟನ್ ಇದ್ದರೆ ನೇರವಾಗಿ ಒತ್ತಿ. ಇಲ್ಲದಿದ್ದರೆ ಲಾಗ್ ಸಾಕು: 8 ರ ಸಹಜ ಲಾಗ್ 2.0794, ಅದನ್ನು 0.4 ರಿಂದ ಗುಣಿಸಿದರೆ 0.8318, ಅದರ ಆಂಟಿಲಾಗ್ 2.297.

```
8^0.4 = 2.2974
T2 = 300 × 2.2974 = 689.2 K
```

689 ಕೆಲ್ವಿನ್ ಅಂದರೆ 416 ಡಿಗ್ರಿ ಸೆಲ್ಸಿಯಸ್. ಸೀಸ ಕರಗುವುದು 327 ಡಿಗ್ರಿಗೆ. ಬೆಂಕಿಯನ್ನೇ ಇಡದೆ ಸುಮ್ನೆ ಒತ್ತಿದ್ದಕ್ಕೆ ಇಷ್ಟು ಬಿಸಿ.

ಇಲ್ಲಿ ಒಂದು ಹಳೆಯ ಗಾಯ ನೆನಪಾಗುತ್ತದೆ. ಓದುವಾಗ ಒಂದು ಪರೀಕ್ಷೆಯಲ್ಲಿ ಆರಂಭದ ತಾಪಮಾನವನ್ನು 27 ಡಿಗ್ರಿ ಸೆಲ್ಸಿಯಸ್ ಅಂತ ಕೊಟ್ಟಿದ್ದರು. ನಾನು 27 ನ್ನೇ 2.297 ರಿಂದ ಗುಣಿಸಿ 62 ಡಿಗ್ರಿ ಅಂತ ಬರೆದು ಬಂದಿದ್ದೆ. ಉತ್ತರ ನೋಡಲು ಎಷ್ಟು ಸಭ್ಯವಾಗಿದೆ ಅಲ್ವಾ? ಅದೇ ತೊಂದರೆ. ತಪ್ಪು ಎದ್ದು ಕಾಣುವುದಿಲ್ಲ. ಅನುಪಾತದ ಸೂತ್ರಕ್ಕೆ ತಾಪಮಾನ ಯಾವಾಗಲೂ ಕೆಲ್ವಿನ್‌ನಲ್ಲೇ ಹೋಗಬೇಕು, ಯಾಕೆಂದರೆ ಸೆಲ್ಸಿಯಸ್ಸಿನ ಸೊನ್ನೆ ನಿಜವಾದ ಸೊನ್ನೆ ಅಲ್ಲ. ಸೆಲ್ಸಿಯಸ್ ಬೇಕೇಬೇಕು ಅಂದರೆ ಕೊನೆಯಲ್ಲಿ 273 ಕಳೆಯಿರಿ.

ಕೆಲಸ

ಮೊದಲ ನಿಯಮದ ಪ್ರಕಾರ ಆಂತರಿಕ ಶಕ್ತಿ ಬದಲಾಗುವುದು ಶಾಖದಿಂದ ಅಥವಾ ಕೆಲಸದಿಂದ. ಇಲ್ಲಿ ಶಾಖ ಇಲ್ಲ. ಆದರ್ಶ ಅನಿಲದ ಆಂತರಿಕ ಶಕ್ತಿ ತಾಪಮಾನವೊಂದನ್ನೇ ಅವಲಂಬಿಸುತ್ತದೆ. ಆದ್ದರಿಂದ ಅನಿಲದ ಮೇಲೆ ಮಾಡಿದ ಕೆಲಸ ಹೀಗೆ:

```
W = n Cv (T2 − T1)
W = 1 × 20.785 × (689.2 − 300) = 8090 J
```

ಗಾತ್ರ ಬದಲಾಗುತ್ತಿರುವಾಗ ಸ್ಥಿರ ಗಾತ್ರದ Cv ಹೇಗೆ ಬಂತು ಅಂತ ಯಾರಾದರೂ ಕೇಳಿದರೆ ನನಗೆ ಖುಷಿ, ಒಳ್ಳೆಯ ಪ್ರಶ್ನೆ ಅದು. Cv ಇಲ್ಲಿ ಪ್ರಕ್ರಿಯೆಯ ಗುರುತಲ್ಲ. ಒಂದು ಮೋಲ್ ಅನಿಲದ ಆಂತರಿಕ ಶಕ್ತಿ ಪ್ರತಿ ಕೆಲ್ವಿನ್‌ಗೆ ಎಷ್ಟು ಏರುತ್ತದೆ ಅನ್ನುವ ಅಳತೆ. ಗಾತ್ರ ಹೇಗೇ ಬದಲಾಗಲಿ, ಆದರ್ಶ ಅನಿಲಕ್ಕೆ ಆ ಅಳತೆ ಅದೇ.

ಚಿಹ್ನೆಯ ಗೋಜಲು ಇನ್ನೊಂದು. ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅನಿಲದ ಮೇಲೆ ಮಾಡಿದ ಕೆಲಸ ಧನ. ಭೌತಶಾಸ್ತ್ರದ ಎಷ್ಟೋ ಪುಸ್ತಕಗಳಲ್ಲಿ ಅನಿಲ ತಾನು ಮಾಡುವ ಕೆಲಸ ಧನ. ಮೊದಲ ಲೆಕ್ಕದಲ್ಲಿ ಉತ್ತರ +8090, ಎರಡನೆಯದರಲ್ಲಿ −8090. ಎರಡೂ ಸರಿ. ಉತ್ತರದ ಪಕ್ಕ "ಅನಿಲದ ಮೇಲೆ ಮಾಡಿದ ಕೆಲಸ" ಅಂತ ಪದದಲ್ಲಿ ಬರೆದುಬಿಟ್ಟರೆ ಜಗಳವೇ ಇರುವುದಿಲ್ಲ.

ಇನ್ನು ತಾಳೆ ನೋಡುವ ಕೆಲಸ. ಅದಕ್ಕೆ ಒತ್ತಡದ ದಾರಿ ಹಿಡಿಯೋಣ:

```
P2 = P1 × 8^1.4 = 100 × 18.379 = 1837.9 kPa
V2 = 24.942 / 8 = 3.1178 L
W  = (P2·V2 − P1·V1)/(γ−1)
   = (5730 − 2494)/0.4 = 8090 J
```

ಒಂದೇ ಉತ್ತರ ಬಂತು. ತಾಪಮಾನ ತಪ್ಪಿದ್ದರೆ ಇವೆರಡು ಹೊಂದುತ್ತಿರಲಿಲ್ಲ. ಇನ್ನೂ ಒಂದು ಸುಲಭ ಪರೀಕ್ಷೆ ಇದೆ: ಒತ್ತಡ ಎಷ್ಟು ಪಟ್ಟಾಯಿತು ಅನ್ನುವುದು, ಗಾತ್ರದ ಅನುಪಾತ ಮತ್ತು ತಾಪಮಾನದ ಅನುಪಾತ ಇವೆರಡರ ಗುಣಲಬ್ಧ ಆಗಿರಬೇಕು. 8 × 2.297 = 18.38. ಸರಿ ಇದೆ.

ಗಾತ್ರದ ಬದಲು ಒತ್ತಡ ಕೊಟ್ಟರೆ

"ಎಂಟನೇ ಒಂದು ಭಾಗಕ್ಕೆ ಒತ್ತಿ" ಮತ್ತು "ಒತ್ತಡ ಎಂಟು ಪಟ್ಟು ಆಗುವ ತನಕ ಒತ್ತಿ" ಇವೆರಡೂ ಒಂದೇ ಅಲ್ಲ. ತಾಪಮಾನ ಬದಲಾಗದ ಐಸೋಥರ್ಮಲ್ ಲೆಕ್ಕ ಮಾಡಿ ಮಾಡಿ ರೂಢಿಯಾದವರಿಗೆ ಇವು ಒಂದೇ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ನಿಜವಾಗಿಯೂ ಒಂದೇ. ನಮ್ಮದು ಶಾಖ ದಾಟದ, ಅಂದರೆ ಅಡಿಯಾಬ್ಯಾಟಿಕ್ ಲೆಕ್ಕ; ಇದರಲ್ಲಿ ಅನಿಲ ಬಿಸಿಯಾಗಿ ಎದುರು ತಳ್ಳುತ್ತದೆ. ಗಾತ್ರ ಅಷ್ಟು ಕುಗ್ಗುವ ಮೊದಲೇ ಒತ್ತಡ ಎಂಟು ಪಟ್ಟು ಮುಟ್ಟಿರುತ್ತದೆ.

```
T2 = T1 × (P2/P1)^((γ−1)/γ)
T2 = 300 × 8^(2/7) = 300 × 1.8114 = 543.4 K
W  = 20.785 × 243.4 = 5059 J
V2 = 24.94 × 543.4/300 / 8 = 5.65 L
```

ಘಾತ ಈಗ 2/7, ಅಂದರೆ 0.2857. ಇಲ್ಲಿ ಅಭ್ಯಾಸಬಲದಿಂದ 0.4 ಹಾಕಿದರೆ ತಾಪಮಾನ 146 ಕೆಲ್ವಿನ್‌ನಷ್ಟು ಜಾಸ್ತಿ ಬರುತ್ತದೆ. ಘಾತ ಬದಲಾಗಿದ್ದರೂ ಕೆಲಸದ ಸಾಲು ಬದಲಾಗಲಿಲ್ಲ, ನೋಡಿ. ತಾಪಮಾನದ ಕ್ರಮ ಹಿಡಿದರೆ ಆಗುವ ಲಾಭ ಇದೇ.

ಇದರಲ್ಲಿ ಒಂದು ಸ್ವಾರಸ್ಯ ಅಡಗಿದೆ. ಅಡಿಯಾಬ್ಯಾಟಿಕ್ ಒತ್ತುವಿಕೆಗೆ ಐಸೋಥರ್ಮಲ್‌ಗಿಂತ ಯಾವಾಗಲೂ ಜಾಸ್ತಿ ಕೆಲಸ ಬೇಕು ಅಂತ ಎಷ್ಟೋ ಜನ ಬಾಯಿಪಾಠ ಮಾಡಿರುತ್ತಾರೆ. ಗಾತ್ರದ ಅನುಪಾತ 8 ಆದರೆ ಅದು ನಿಜ: ಐಸೋಥರ್ಮಲ್‌ಗೆ nRT ln 8, ಅಂದರೆ 5186 ಜೌಲ್ ಸಾಕು, ಅಡಿಯಾಬ್ಯಾಟಿಕ್‌ಗೆ 8090 ಬೇಕು. ಆದರೆ ಒತ್ತಡದ ಅನುಪಾತ 8 ಆದಾಗ ಐಸೋಥರ್ಮಲ್‌ಗೆ ಅದೇ 5186, ಅಡಿಯಾಬ್ಯಾಟಿಕ್‌ಗೆ 5059. ಕಡಿಮೆಯೇ! ಪಿಸ್ಟನ್ ಅಷ್ಟು ದೂರ ಹೋಗುವುದೇ ಇಲ್ಲವಲ್ಲ. ಒತ್ತಡ ಸುಮಾರು ಒಂಬತ್ತು ಪಟ್ಟು ದಾಟಿದ ಮೇಲೆ ಮತ್ತೆ ಅಡಿಯಾಬ್ಯಾಟಿಕ್ ಮುಂದಾಗುತ್ತದೆ.

ಇದು ಮುಚ್ಚಿದ ಸಿಲಿಂಡರಿನ ಲೆಕ್ಕ ಅನ್ನುವುದು ನೆನಪಿರಲಿ. ಅನಿಲವನ್ನು ಒಂದು ಕಡೆ ಎಳೆದು, ಒತ್ತಿ, ಇನ್ನೊಂದು ಕಡೆ ಹೊರದೂಡುತ್ತಲೇ ಇರುವ ಕಂಪ್ರೆಸರ್ ಆದರೆ Cv ಬದಲು Cp ಹಾಕಬೇಕು. ಅನಿಲವನ್ನು ಒಳಗೆ ತರುವ, ಹೊರಗೆ ತಳ್ಳುವ ಕೆಲಸವೂ ಅದರಲ್ಲಿ ಸೇರುತ್ತದೆ. ಇದೇ ಉದಾಹರಣೆಗೆ ಅದು 5059 ರ 1.4 ಪಟ್ಟು, ಅಂದರೆ 7083 ಜೌಲ್. ಅಲ್ಲಿ ಐಸೋಥರ್ಮಲ್‌ಗೆ 5186 ಜೌಲೇ ಸಾಕು. ದೊಡ್ಡ ಕಂಪ್ರೆಸರುಗಳಲ್ಲಿ ಹಂತಗಳ ನಡುವೆ ಗಾಳಿಯನ್ನು ತಣ್ಣಗೆ ಮಾಡುವುದು ಇದಕ್ಕೇ.

"ರಿವರ್ಸಿಬಲ್" ಅನ್ನುವ ಪದವನ್ನು ಹಾರಿಸಬೇಡಿ

ಪ್ರಶ್ನೆಯಲ್ಲಿ ಈ ಪದ ಇದ್ದರೆ ಮಾತ್ರ ಮೇಲಿನ ಘಾತದ ಸೂತ್ರಕ್ಕೆ ಪರವಾನಗಿ. ಹೊರಗಿನ ಒತ್ತಡ ಪ್ರತಿ ಕ್ಷಣ ಒಳಗಿನ ಒತ್ತಡಕ್ಕಿಂತ ಕೂದಲೆಳೆಯಷ್ಟೇ ಜಾಸ್ತಿ ಇರಬೇಕು ಅನ್ನುವುದು ಅದರ ಅರ್ಥ. ಇಲ್ಲದಿದ್ದರೆ ಏನಾಗುತ್ತದೆ? ಅದೇ ಅನಿಲ ತೆಗೆದುಕೊಳ್ಳಿ, 300 ಕೆಲ್ವಿನ್, 100 ಕಿಲೋಪಾಸ್ಕಲ್. ಪಿಸ್ಟನ್ ಮೇಲೆ ಒಮ್ಮೆಗೇ 800 ಕಿಲೋಪಾಸ್ಕಲ್ಲಿಗೆ ಸಮನಾದ ಭಾರ ಇಳಿಸಿಬಿಡಿ. ಪಿಸ್ಟನ್ ಕುಸಿದು, ಕುಣಿದು, ಕೊನೆಗೆ ನಿಲ್ಲುತ್ತದೆ. ಹೊರಗಿನ ಒತ್ತಡ ಉದ್ದಕ್ಕೂ 800. ಹಾಗಾಗಿ ಕೆಲಸ 800 × (V1 − V2). ಅದನ್ನು nCv(T2 − T1) ಗೆ ಸಮ ಮಾಡಿ, ಎರಡೂ ಕಡೆಯಿಂದ nR ತೆಗೆದರೆ:

```
2.5 (T2 − 300) = 8 × 300 − T2
3.5 T2 = 3150
T2 = 900 K
W  = 20.785 × 600 = 12471 J
```

ಕೊನೆಯ ಒತ್ತಡ ಅದೇ 800. ಆದರೆ ತಾಪಮಾನ 543 ಅಲ್ಲ, 900. ಕೆಲಸ 5059 ಅಲ್ಲ, 12471. ಎರಡು ಲೆಕ್ಕಕ್ಕೂ W = nCv(T2 − T1) ಸರಿಯಾಗಿಯೇ ಇತ್ತು. ಮುರಿದುಬಿದ್ದದ್ದು ಘಾತದ ಸೂತ್ರ ಮಾತ್ರ. ಶಾಖ ದಾಟದಿದ್ದರೆ ಮೊದಲನೆಯದು ಯಾವಾಗಲೂ ನಡೆಯುತ್ತದೆ. ಎರಡನೆಯದು ಮೆಲ್ಲಗೆ ಒತ್ತಿದಾಗ ಮಾತ್ರ.

ಹಾಗಾದರೆ "ಮೆಲ್ಲಗೆ" ಅಂದರೆ ಎಷ್ಟು ಮೆಲ್ಲಗೆ? ಜಾಸ್ತಿ ಮೆಲ್ಲಗಾದರೆ ಶಾಖ ಗೋಡೆಯಿಂದ ಸೋರಿಹೋಗುತ್ತದಲ್ಲ? ಇಲ್ಲಿ ಎರಡು ಗಡಿಯಾರ ಇವೆ. ಒತ್ತಡ ಒಳಗೆಲ್ಲ ಸಮನಾಗುವುದು ಶಬ್ದದ ವೇಗದಲ್ಲಿ. 300 ಕೆಲ್ವಿನ್‌ನಲ್ಲಿ ಸಾರಜನಕದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 353 ಮೀಟರ್. 30 ಸೆಂಟಿಮೀಟರ್ ಉದ್ದದ ಸಿಲಿಂಡರನ್ನು ದಾಟಲು ಒಂದು ಮಿಲಿಸೆಕೆಂಡೂ ಬೇಡ. ಶಾಖ ಗೋಡೆಗೆ ಹೋಗುವುದು ಇದಕ್ಕಿಂತ ಎಷ್ಟೋ ನಿಧಾನ. ಪಿಸ್ಟನ್ ಸೆಕೆಂಡಿಗೆ ಕೆಲವು ಮೀಟರ್ ವೇಗದಲ್ಲಿ ಹೋದರೆ ಶಬ್ದಕ್ಕೆ ಹೋಲಿಸಿದರೆ ಆಮೆ, ಶಾಖಕ್ಕೆ ಹೋಲಿಸಿದರೆ ಕುದುರೆ. ಅದಕ್ಕೇ ಕಣ್ಣಿಗೆ ರಭಸವಾಗಿ ಕಾಣುವ ಎಂಜಿನ್ ಪಿಸ್ಟನ್ನಿಗೂ ಈ ಸೂತ್ರ ಸುಮಾರಾಗಿ ಹೊಂದುತ್ತದೆ.

ಶಬ್ದದ ಮಾತು ಬಂದದ್ದರಿಂದ ಒಂದು ಹಳೆಯ ಕಥೆ. 1687 ರಲ್ಲಿ ನ್ಯೂಟನ್ ಶಬ್ದದ ವೇಗಕ್ಕೆ ಲೆಕ್ಕ ಹಾಕಿದಾಗ ಗಾಳಿಯ ತಾಪಮಾನ ಬದಲಾಗುವುದಿಲ್ಲ ಅನ್ನುವ ಹಾಗೆ ನಡೆದಿದ್ದರು. ಆ ಸೂತ್ರಕ್ಕೆ 0 ಡಿಗ್ರಿ ಗಾಳಿ ಹಾಕಿದರೆ ಬರುವುದು ಸುಮಾರು 280. ನಿಜವಾದ ವೇಗ 331. ಶಬ್ದದ ಅಲೆಯಲ್ಲಿ ಗಾಳಿ ಒತ್ತಿಕೊಳ್ಳುವುದು ಅಡಿಯಾಬ್ಯಾಟಿಕ್ ಆಗಿ, ಹಾಗಾಗಿ γ ದ ವರ್ಗಮೂಲದಿಂದ ಗುಣಿಸಬೇಕು ಅಂತ ತೋರಿಸಿದವರು ಲಾಪ್ಲಾಸ್. 280 ಅನ್ನು 1.183 ರಿಂದ ಗುಣಿಸಿ ನೋಡಿ.

1.4 ಎಲ್ಲಿಯ ತನಕ ನಂಬಬಹುದು?

ಎರಡು ಪರಮಾಣುಗಳ ನಡುವಿನ ಬಂಧ ಸ್ಪ್ರಿಂಗ್ ಇದ್ದ ಹಾಗೆ. ಅದು ಕಂಪಿಸಬೇಕು ತಾನೇ? ಅದನ್ನು ನಾವು ಎಣಿಸಲೇ ಇಲ್ಲ. 300 ಕೆಲ್ವಿನ್‌ನಲ್ಲಿ ಸಾರಜನಕದ ಸ್ಪ್ರಿಂಗ್ ಬಹಳ ಬಿರುಸು, ಅಲುಗಾಡಿಸುವಷ್ಟು ಶಕ್ತಿ ಅಣುಗಳ ಡಿಕ್ಕಿಯಲ್ಲಿ ಸಿಗುವುದಿಲ್ಲ. ಆದರೆ 689 ಕ್ಕೆ ಬರುವ ಹೊತ್ತಿಗೆ ಅದು ಮೆಲ್ಲಗೆ ಏಳತೊಡಗಿರುತ್ತದೆ. ಅಲ್ಲಿ γ ಸುಮಾರು 1.37 ಕ್ಕೆ ಇಳಿದಿರುತ್ತದೆ. ಸ್ವಲ್ಪ ಶಕ್ತಿ ಕಂಪನಕ್ಕೆ ಹೋಗುವುದರಿಂದ ತಾಪಮಾನ ಅಷ್ಟು ಏರುವುದಿಲ್ಲ.

ತಾಪಮಾನದ ಜೊತೆ ಬದಲಾಗುವ Cv ಇಟ್ಟು ಮತ್ತೆ ಲೆಕ್ಕ ಮಾಡಿದರೆ ಮೊದಲ ಉದಾಹರಣೆಯಲ್ಲಿ T2 ಸುಮಾರು 678 ಕೆಲ್ವಿನ್ ಬರುತ್ತದೆ, 689 ರ ಬದಲು. ಕೆಲಸ ಸುಮಾರು 8050 ಜೌಲ್. ತಾಪಮಾನದಲ್ಲಿ 11 ಕೆಲ್ವಿನ್ ತಪ್ಪಿದರೂ ಕೆಲಸ ಶೇಕಡಾ ಅರ್ಧದಷ್ಟು ಮಾತ್ರ ತಪ್ಪಿತು. ಕಾರಣ ಸರಳ: ತಾಪಮಾನ ಕಡಿಮೆ ಏರಿತು, ಆದರೆ ಏರಿದ ಪ್ರತಿ ಕೆಲ್ವಿನ್‌ಗೂ ಶಕ್ತಿ ಜಾಸ್ತಿ ಹಿಡಿಯಿತು. ಎರಡೂ ಬಹುಪಾಲು ಸರಿತೂಗಿಬಿಟ್ಟವು. ಹಾಗಾಗಿ ಕೆಲಸ ಬೇಕಿದ್ದರೆ 1.4 ನ್ನೇ ಇಟ್ಟುಕೊಂಡು ನಿಶ್ಚಿಂತೆಯಿಂದ ಇರಬಹುದು. ತಾಪಮಾನವೇ ಮುಖ್ಯವಾದಾಗ, ಅದೂ ಸಾವಿರ ಕೆಲ್ವಿನ್ ಹತ್ತಿರ ಹೋದಾಗ, ಬದಲಾಗುವ Cv ಕೋಷ್ಟಕ ತೆಗೆಯಲೇಬೇಕು.

ಎಲ್ಲ ಅನಿಲವೂ ಇಷ್ಟು ಸಾಧು ಅಲ್ಲ. ಕ್ಲೋರಿನ್‌ನ ಪರಮಾಣುಗಳು ಭಾರ, ಸ್ಪ್ರಿಂಗ್ ಸಡಿಲ. ಕೋಣೆಯ ತಾಪಮಾನದಲ್ಲೇ ಅದು ಕಂಪಿಸುತ್ತಿರುತ್ತದೆ, γ ಸುಮಾರು 1.33. ಜಲಜನಕದ್ದು ತದ್ವಿರುದ್ಧ ಕಥೆ: ಸುಮಾರು 60 ಕೆಲ್ವಿನ್‌ಗಿಂತ ಕೆಳಗೆ ಅದರ ತಿರುಗಾಟವೇ ನಿಂತುಹೋಗಿ ಒಂಟಿ ಪರಮಾಣುವಿನ ಅನಿಲದ ಹಾಗೆ γ 5/3 ರ ಹತ್ತಿರ ಬರುತ್ತದೆ. ಪ್ರಶ್ನೆಯಲ್ಲಿ ಕ್ಲೋರಿನ್ ಅಂತ ಹೆಸರು ಹೇಳಿ γ ಕೊಟ್ಟಿದ್ದರೆ ಆ ಸಂಖ್ಯೆಯನ್ನೇ ಬಳಸಿ. ಆಗ Cv ಅನ್ನೂ 5R/2 ಅಂತ ಬಿಡಬೇಡಿ, R/(γ−1) ಮಾಡಿ. γ 1.33 ಇಟ್ಟು Cv ಹಳೆಯದನ್ನೇ ಉಳಿಸಿಕೊಂಡರೆ ತಾಪಮಾನ ಒಂದು ಅನಿಲದ್ದು, ಕೆಲಸ ಇನ್ನೊಂದು ಅನಿಲದ್ದು ಆಗುತ್ತದೆ. ಮೇಲೆ ಮಾಡಿದ (P2·V2 − P1·V1)/(γ−1) ತಾಳೆ ನೋಡಿದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.